ಮೆಲಟೋನಿನ್ ಮಾತ್ರೆ: ಎಷ್ಟು ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ

"ಮೇಡಂ, ಮೆಡಿಕಲ್‌ನಲ್ಲಿ 10 ಮಿಲಿಗ್ರಾಂ ಮೆಲಟೋನಿನ್ ಕೊಟ್ರು. ಮಲಗೋ ಮುಂಚೆ ತಗೊಂಡೆ, ನಿದ್ದೆ ಬರ್ಲೇ ಇಲ್ಲ. ಡೋಸ್ ಜಾಸ್ತಿ ಮಾಡ್ಲಾ?"

ಬೇಡ. ಡೋಸ್ ಇಳಿಸಿ, ತೆಗೆದುಕೊಳ್ಳುವ ಹೊತ್ತನ್ನು ನಾಲ್ಕೈದು ಗಂಟೆ ಬೇಗ ಮಾಡಿ. ಹಾಸನದಲ್ಲಿ ಫಾರ್ಮಕಾಲಜಿ ಪಾಠ ಹೇಳುವ ನನಗೆ ಈ ಉತ್ತರ ಬಾಯಿಪಾಠ ಆಗಿಬಿಟ್ಟಿದೆ. ಕೇಳಿದವರು ಮಾತ್ರ ನಂಬುವುದಿಲ್ಲ. ನಿದ್ದೆ ಮಾತ್ರೆಯನ್ನು ಊಟದ ಹೊತ್ತಿಗೇ ಯಾರಾದರೂ ನುಂಗ್ತಾರಾ ಅಂತ ನನ್ನ ಮುಖವನ್ನೇ ನೋಡುತ್ತಾರೆ.

ಮೆಲಟೋನಿನ್ ನಮ್ಮ ದೇಹವೇ ಕತ್ತಲಾದ ಮೇಲೆ ಮಾಡುವ ಹಾರ್ಮೋನು. ಅದು ಮಂಪರು ತರಿಸುತ್ತದೆ, ಆದರೆ ಸ್ವಲ್ಪವೇ. ನಿದ್ದೆಯ ತೊಂದರೆ ಇರುವವರ ಮೇಲೆ ನಡೆದ ಹಲವು ಪ್ರಯೋಗಗಳನ್ನು 2013ರಲ್ಲಿ ಒಟ್ಟು ಹಾಕಿ ಲೆಕ್ಕ ಮಾಡಿದ್ದರು. ಮಾತ್ರೆ ತಗೊಂಡವರಿಗೆ ಸರಾಸರಿ ಏಳು ನಿಮಿಷ ಬೇಗ ನಿದ್ದೆ ಹತ್ತಿತ್ತು. ಏಳೇ ನಿಮಿಷ! ಅದರ ನಿಜವಾದ ಶಕ್ತಿ ಇರುವುದು ಬೇರೆ ಕಡೆ. ನಿದ್ದೆ ಎಷ್ಟು ಗಂಟೆಗೆ ಬರಬೇಕು ಅನ್ನುವುದನ್ನೇ ಅದು ಸರಿಸಬಲ್ಲದು.

ಎರಡು ಕಣ್ಣಿನ ನರಗಳು ಮೆದುಳಿನ ಬುಡದಲ್ಲಿ ಒಂದು ಕಡೆ ಸೇರಿ ದಾಟುತ್ತವೆ. ಆ ಜಾಗದ ಸ್ವಲ್ಪ ಮೇಲೆ ನರಕೋಶಗಳ ಎರಡು ಪುಟ್ಟ ಗುಂಪುಗಳಿವೆ. ಹೆಸರು ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್. ನಾನು ಸುಮ್ನೆ ಒಳಗಡಿಯಾರ ಅನ್ನುತ್ತೇನೆ. ಅಲ್ಲಿನ ಪ್ರತಿ ಕೋಶದಲ್ಲೂ ಕೆಲವು ಜೀನ್‌ಗಳು ಪ್ರೋಟೀನ್ ಮಾಡಿಸುತ್ತವೆ. ಆ ಪ್ರೋಟೀನ್ ಜಾಸ್ತಿಯಾದಾಗ ತನ್ನ ಜೀನ್‌ಗಳನ್ನೇ ನಿಲ್ಲಿಸುತ್ತದೆ. ಅದು ಕರಗಿದ ಮೇಲೆ ಮತ್ತೆ ಶುರು. ಈ ಒಂದು ಸುತ್ತಿಗೆ ಸುಮಾರು ಒಂದು ದಿನ ಬೇಕು. ಮನುಷ್ಯರಲ್ಲಿ ಸರಾಸರಿ 24 ಗಂಟೆಗಿಂತ ಹತ್ತು ನಿಮಿಷದಷ್ಟು ಹೆಚ್ಚು. ಹಾಗಾಗಿ ಬಿಟ್ಟರೆ ನಮ್ಮ ನಿದ್ದೆ ತಡದ ಕಡೆಗೇ ಜಾರುತ್ತದೆ. ಬೆಳಗಿನ ಬೆಳಕು ಅದನ್ನು ದಿನಾ ಸರಿ ಮಾಡುತ್ತಿರುತ್ತದೆ.

ಕತ್ತಲಾದ ಮೇಲೆ ಈ ಗಡಿಯಾರವೇ ಮೆದುಳಿನ ಪೀನಿಯಲ್ ಗ್ರಂಥಿಗೆ ಮೆಲಟೋನಿನ್ ಸುರಿಸು ಅಂತ ಅಪ್ಪಣೆ ಕೊಡುತ್ತದೆ. ನಾವು ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ರಕ್ತದಲ್ಲಿ ಮೆಲಟೋನಿನ್ ಏರತೊಡಗುತ್ತದೆ. ಇದನ್ನು ಏರಿಕೆಯ ಹೊತ್ತು ಅಂತ ಕರೆಯೋಣ, ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ. ಸ್ವಾರಸ್ಯ ಏನೆಂದರೆ, ಹೀಗೆ ಹೊರಟ ಮೆಲಟೋನಿನ್ ವಾಪಸ್ ಅದೇ ಗಡಿಯಾರದ ಕೋಶಗಳಿಗೂ ತಲುಪುತ್ತದೆ. ಅದನ್ನು ಹಿಡಿಯಲು ಅಲ್ಲಿ ಎಂಟಿ1, ಎಂಟಿ2 ಅನ್ನುವ ಎರಡು ಬಗೆಯ ರಿಸೆಪ್ಟರ್‌ಗಳಿವೆ. ನಾವು ನುಂಗಿದ ಮಾತ್ರೆ ಕೆಲಸ ಮಾಡುವುದೂ ಇವುಗಳ ಮೂಲಕವೇ. ಮೆಲಟೋನಿನ್ ಬಂದು ಕೂತರೆ ಕೋಶದ ವಿದ್ಯುತ್ ಚಟುವಟಿಕೆ ತಗ್ಗುತ್ತದೆ. ಇದರಲ್ಲಿ ಎಂಟಿ1ರ ಪಾಲು ದೊಡ್ಡದು. ಹೊತ್ತು ಸರಿಸುವ ಕೆಲಸದಲ್ಲಿ ಎಂಟಿ2 ಮುಖ್ಯ ಅನ್ನುವುದು ಇಲಿಗಳ ಪ್ರಯೋಗದಿಂದ ಗೊತ್ತಾಯಿತು. ಇಲಿಯ ಮೆದುಳಿನ ಈ ಭಾಗವನ್ನು ತೆಳುವಾಗಿ ಕತ್ತರಿಸಿ, ಜೀವಂತವಾಗಿಟ್ಟು, ಅದಕ್ಕೆ ಮುಸ್ಸಂಜೆಯಾಗುವ ಹೊತ್ತಿನಲ್ಲಿ ಮೆಲಟೋನಿನ್ ಹಾಕಿದರು. ಮಾರನೆಯ ದಿನ ಕೋಶಗಳ ಏರಿಳಿತ ಬೇಗ ಬಂತು. ಎಂಟಿ2 ತಡೆಯುವ ವಸ್ತುವನ್ನೂ ಜೊತೆಗೆ ಹಾಕಿದಾಗ ಬರಲಿಲ್ಲ. ನಡುಹಗಲಿನ ಹೊತ್ತಿಗೆ ಹಾಕಿದರೆ ಗಡಿಯಾರ ಕದಲಲೇ ಇಲ್ಲ.

ಅದೇ ರಿಸೆಪ್ಟರ್, ಅದೇ ಮೆಲಟೋನಿನ್, ಫಲ ಮಾತ್ರ ಬೇರೆ ಬೇರೆ. ಉಯ್ಯಾಲೆ ತಳ್ಳುವುದನ್ನು ನೆನಪಿಸಿಕೊಳ್ಳಿ. ಒಂದೇ ತಳ್ಳು ಒಂದು ಹೊತ್ತಿನಲ್ಲಿ ಅದನ್ನು ಜೋರು ಮಾಡುತ್ತದೆ, ಇನ್ನೊಂದು ಹೊತ್ತಿನಲ್ಲಿ ತಡೆಯುತ್ತದೆ. ಕೋಶದೊಳಗಿನ ಸುತ್ತು ಆಗ ಎಲ್ಲಿತ್ತು ಅನ್ನುವುದೇ ದಿಕ್ಕನ್ನು ತೀರ್ಮಾನಿಸುತ್ತದೆ.

ಮನುಷ್ಯರಲ್ಲಿ ಇದರ ನಕ್ಷೆ ಈಗ ಚೆನ್ನಾಗಿಯೇ ಗೊತ್ತಿದೆ. ಏರಿಕೆಯ ಹೊತ್ತಿಗಿಂತ ಕೆಲವು ಗಂಟೆ ಮುಂಚೆ ಮಾತ್ರೆ ತಗೊಂಡರೆ ಗಡಿಯಾರ ಬೇಗ ಆಗುತ್ತದೆ. ಅರ್ಧ ಮಿಲಿಗ್ರಾಂಗೆ ಎರಡರಿಂದ ನಾಲ್ಕು ಗಂಟೆ ಮುಂಚೆ ಒಳ್ಳೆಯ ಹೊತ್ತು. 3 ಮಿಲಿಗ್ರಾಂ ಆದರೆ ಐದು ಗಂಟೆ ಮುಂಚೆ. ಬೆಳಗ್ಗೆ ಏಳುವ ಹೊತ್ತಿನ ಆಸುಪಾಸಿನಲ್ಲಿ ತಗೊಂಡರೆ ಉಲ್ಟಾ, ಗಡಿಯಾರ ತಡವಾಗುತ್ತದೆ. ನಡುವೆ, ಅಂದರೆ ನಾವು ಸಾಮಾನ್ಯವಾಗಿ ನಿದ್ದೆಗೆ ಜಾರುವ ಹೊತ್ತಿನಲ್ಲಿ, ಹೆಚ್ಚೇನೂ ಆಗುವುದಿಲ್ಲ. ದೇಹದ ಸ್ವಂತ ಮೆಲಟೋನಿನ್ ಆಗಲೇ ಅಲ್ಲಿ ತುಂಬಿರುತ್ತದೆ. ಜನ ಮಾತ್ರೆ ನುಂಗುವುದು ಮಾತ್ರ ಬರೋಬ್ಬರಿ ಆ ಹೊತ್ತಿಗೇ!

ಒಂದು ಉದಾಹರಣೆ ಹೇಳುತ್ತೇನೆ. ಸಕಲೇಶಪುರದ ಕಡೆಯ ಒಬ್ಬ ಹುಡುಗ, ನಮ್ಮ ನೆಂಟರ ಪೈಕಿ. ತೋಟದ ಮನೆಯಲ್ಲೇ ಕೂತು ಅಮೆರಿಕದ ಟೈಮಿಗೆ ಕೆಲಸ ಮಾಡುತ್ತಿದ್ದ. ಮಲಗುವುದು ಬೆಳಗಿನ ಜಾವ 3ಕ್ಕೆ, ಏಳುವುದು 11ಕ್ಕೆ. ರಜೆಯಲ್ಲೂ ಅಷ್ಟೇ. ಆಮೇಲೆ ಪ್ರಾಜೆಕ್ಟ್ ಬದಲಾಯಿತು, ಬೆಳಗ್ಗೆ 9ಕ್ಕೆ ಮೀಟಿಂಗ್ ಶುರುವಾಯಿತು. ರಾತ್ರಿ 11ಕ್ಕೆ ಹಾಸಿಗೆ ಸೇರಿದರೆ ಮೂರರವರೆಗೂ ಹೊರಳಾಟ. 3 ಗಂಟೆಗೆ ಬೇಸತ್ತು ಎದ್ದು 10 ಮಿಲಿಗ್ರಾಂ ನುಂಗುತ್ತಿದ್ದ. "ಅತ್ತೆ, ಬೆಳಗ್ಗೆ ತಲೆ ಭಾರ, ರಾತ್ರಿ ಮಾಮೂಲಿ ಗೋಳು" ಅಂದ.

ಲೆಕ್ಕ ಮಾಡಿ ನೋಡೋಣ. ಏರಿಕೆಯ ಹೊತ್ತನ್ನು ಸರಿಯಾಗಿ ಅಳೆಯಬೇಕಾದರೆ ಮಂದ ಬೆಳಕಿನಲ್ಲಿ ಕೂರಿಸಿ, ಅರ್ಧ ಗಂಟೆ, ಒಂದು ಗಂಟೆಗೊಮ್ಮೆ ಎಂಜಲು ತೆಗೆದು ಪರೀಕ್ಷೆ ಮಾಡಬೇಕು. ಅದೆಲ್ಲ ನಮ್ಮ ಊರಿನ ಲ್ಯಾಬಿನ ಮಾತಲ್ಲ. ಅಲಾರಂ ಇಲ್ಲದ ರಜೆ ದಿನ ತಾನಾಗಿ ನಿದ್ದೆ ಬರುವ ಹೊತ್ತಿನಿಂದ ಎರಡೂವರೆ ಗಂಟೆ ಕಳೆದರೆ ಅಂದಾಜು ಸಿಗುತ್ತದೆ. ಇವನಿಗೆ 3ಕ್ಕೆ ನಿದ್ದೆ, ಅಂದರೆ ಏರಿಕೆ ರಾತ್ರಿ 12.30ಕ್ಕೆ. ಅಲ್ಲಿಂದ ಮೂರು ಗಂಟೆ ಮುಂಚೆ ಅಂದರೆ 9.30. ಅದೇ ಅರ್ಧ ಮಿಲಿಗ್ರಾಂ ತಗೊಳ್ಳುವ ಹೊತ್ತು. ಅವನು ಐದೂವರೆ ಗಂಟೆ ತಡವಾಗಿ, ಇಪ್ಪತ್ತು ಪಟ್ಟು ಜಾಸ್ತಿ ತಗೊಳ್ಳುತ್ತಿದ್ದ.

ಈ ಇಪ್ಪತ್ತು ಪಟ್ಟು ಸುಮ್ನೆ ಹಾಳಾಗುವುದಾಗಿದ್ದರೆ ಪರವಾಗಿಲ್ಲ. ಅದು ಕೆಟ್ಟದ್ದೂ ಮಾಡುತ್ತದೆ. ರಕ್ತದಲ್ಲಿ ಮೆಲಟೋನಿನ್ ಸುಮಾರು ಮುಕ್ಕಾಲು ಗಂಟೆಗೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. 10 ಮಿಲಿಗ್ರಾಂ ತಗೊಂಡರೆ, ಅದು ಇಳಿದು ಅರ್ಧ ಮಿಲಿಗ್ರಾಂ ಮಾತ್ರೆಯ ಮಟ್ಟಕ್ಕೆ ಬರಲಿಕ್ಕೇ ಮೂರು ಗಂಟೆಗಿಂತ ಹೆಚ್ಚು ಬೇಕು. 3ಕ್ಕೆ ನುಂಗಿದ್ದು 6 ಗಂಟೆ ದಾಟಿದರೂ ಒಂದು ಪೂರ್ತಿ ಸಣ್ಣ ಡೋಸಿನಷ್ಟು ಉಳಿದಿರುತ್ತದೆ. ಅದರ ಬಾಲ ಹಾಗೇ ಬೆಳಗಿನ ಕಡೆಗೆ, ಗಡಿಯಾರವನ್ನು ತಡ ಮಾಡುವ ಹೊತ್ತಿನ ಕಡೆಗೆ ಚಾಚುತ್ತದೆ. ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆಯಾದರೆ ಇನ್ನೂ ಉದ್ದ. ಎಬ್ಬಿಸಿ ಮೀಟಿಂಗಿಗೆ ಕೂರಿಸಿದಾಗ ಅವನ ತಲೆ ಭಾರವಾಗಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಡೋಸ್ ಹೆಚ್ಚಿದಷ್ಟೂ ಗಡಿಯಾರ ಹೆಚ್ಚು ಸರಿಯುತ್ತದೆ ಅನ್ನುವುದೂ ತಪ್ಪು. ಮಂದ ಬೆಳಕಿನ ಪ್ರಯೋಗಾಲಯದಲ್ಲಿ ಮೂರು ದಿನ ಒಳ್ಳೆಯ ಹೊತ್ತಿಗೆ 3 ಮಿಲಿಗ್ರಾಂ ಕೊಟ್ಟಾಗ ಹೆಚ್ಚೆಂದರೆ 1.8 ಗಂಟೆ ಬೇಗ ಆಗಿತ್ತು. ಅರ್ಧ ಮಿಲಿಗ್ರಾಂ ಅದರ ಒಳ್ಳೆಯ ಹೊತ್ತಿಗೆ ಕೊಟ್ಟಾಗ 1.5 ಗಂಟೆ. ಆರು ಪಟ್ಟು ಮದ್ದಿಗೆ ಸಿಕ್ಕ ಲಾಭ ಅಷ್ಟೇ.

ಹುಡುಗನಿಗೆ 9.30ಕ್ಕೆ ಶುರು ಮಾಡಿ ಅಂದೆ. ಮೂರ್ನಾಲ್ಕು ದಿನಕ್ಕೊಮ್ಮೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಗ ಮಾಡುತ್ತಾ ಬರುವುದು. ಮಾತ್ರೆಯ ಜೊತೆ ದೀಪ ಮಂದ ಇರಬೇಕು. ಜೋರು ಬೆಳಕು ಇದೇ ಗಡಿಯಾರಕ್ಕೆ ಮೆಲಟೋನಿನ್‌ನ ಎದುರು ದಿಕ್ಕಿನಲ್ಲಿ ತಳ್ಳು ಕೊಡುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹೊರಗೆ ಹೋಗು ಅಂತಲೂ ಹೇಳಿದೆ. "ಮಳೆ ಅತ್ತೆ, ಸೂರ್ಯನೇ ಇಲ್ಲ" ಅಂದ. ಮೋಡ ಕವಿದಿದ್ದರೂ ಅಂಗಳದ ಬೆಳಕು ತೋಟದ ಮನೆಯ ಒಳಗಿನ ಬೆಳಕಿಗಿಂತ ಎಷ್ಟೋ ಪಟ್ಟು ಜಾಸ್ತಿ. ಜಗಲಿಯಲ್ಲಿ ಕೂತರೂ ಸಾಕು. ಆದರೆ ಶುರುವಿನಲ್ಲೇ 6 ಗಂಟೆಗೆ ಎದ್ದು ಬೆಳಕಿಗೆ ಹೋಗಬೇಡ ಅಂದೆ. 11ಕ್ಕೆ ಏಳುವ ಗಡಿಯಾರಕ್ಕೆ 6 ಗಂಟೆ ಇನ್ನೂ ನಡುರಾತ್ರಿ. ಆಗ ಬೀಳುವ ಬೆಳಕು ತಡದ ಕಡೆಗೇ ತಳ್ಳುತ್ತದೆ. ಮೊದಲು 8.30ರ ನಂತರ, ಆಮೇಲೆ ನಿಧಾನವಾಗಿ ಬೇಗ.

ಸರಿಯಾಗುತ್ತಿದೆ ಅಂತ ತಿಳಿಯುವುದು ಹೇಗೆ? ಮಾತ್ರೆ ತಗೊಂಡ ಕೂಡಲೇ ಆಕಳಿಕೆ ಬಂತಾ ಅಂತ ನೋಡಬೇಡಿ. ಅಲಾರಂಗೆ ಮುಂಚೆಯೇ ಎಚ್ಚರವಾಗುವುದು ದಿನ ಕಳೆದಂತೆ ಬೇಗ ಆಗುತ್ತಿದೆಯಾ, ಅದನ್ನು ಬರೆದಿಡಿ. ತಡವಾಗುತ್ತಿದ್ದರೆ ಹೊತ್ತು ತಪ್ಪಿದೆ ಅಂತ ಅರ್ಥ. ಇವನಿಗೆ ಸುಮಾರು ಮೂರು ವಾರದಲ್ಲಿ 11.30ಕ್ಕೆ ನಿದ್ದೆ ಹತ್ತತೊಡಗಿತು.

ಇದೆಲ್ಲ ಮಂಪರಿನ ಆಟ, ಗಡಿಯಾರವೇನೂ ಸರಿಯುವುದಿಲ್ಲ ಅನ್ನುವವರೂ ಇದ್ದಾರೆ. ಅವರಿಗೆ ಪೂರ್ತಿ ಕಣ್ಣು ಕಾಣದವರ ಮೇಲೆ ನಡೆದ ಅಧ್ಯಯನ ತೋರಿಸುತ್ತೇನೆ. ಬೆಳಕು ತಲುಪದ ಕಾರಣ ಅವರಲ್ಲಿ ಅನೇಕರ ಗಡಿಯಾರ ದಿನಾ ಸ್ವಲ್ಪ ಸ್ವಲ್ಪ ತಡವಾಗುತ್ತಾ, ಹಗಲು ರಾತ್ರಿ ಸುತ್ತುತ್ತಿರುತ್ತದೆ. ಅಮೆರಿಕದ ಆರೆಗಾನ್‌ನಲ್ಲಿ ಅಂಥ ಏಳು ಮಂದಿಗೆ ದಿನಾ ಒಂದೇ ಹೊತ್ತಿಗೆ ಮೆಲಟೋನಿನ್ ಕೊಟ್ಟರು. 2000ದಲ್ಲಿ ಪ್ರಕಟವಾದ ಫಲಿತಾಂಶದಂತೆ ಆರು ಮಂದಿಯ ಗಡಿಯಾರ 24 ಗಂಟೆಗೆ ಕಚ್ಚಿಕೊಂಡು ನಿಂತಿತು. ಅಲ್ಲಿ ಶುರುವಿನ ಡೋಸ್ 10 ಮಿಲಿಗ್ರಾಂ. ಅದೇ ತಂಡ ಆಮೇಲೆ ಉಳಿದ ಆ ಒಬ್ಬರಿಗೆ 20 ಮಿಲಿಗ್ರಾಂನಿಂದ ಆಗದ ಕೆಲಸವನ್ನು ಅರ್ಧ ಮಿಲಿಗ್ರಾಂನಿಂದ ಮಾಡಿ ತೋರಿಸಿತು.

ಅಂಗಡಿಯಲ್ಲಿ ಅರ್ಧ ಮಿಲಿಗ್ರಾಂ ಸಿಗುವುದು ಕಷ್ಟ. ಸಾದಾ 3 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ ಸಾಕು. ಎಸ್‌ಆರ್ ಮಾತ್ರೆ ಮಾತ್ರ ಮುರಿಯಬೇಡಿ. ಡಬ್ಬಿಯ ಮೇಲಿನ ಅಂಕಿಯನ್ನು ಪೂರ್ತಿ ನಂಬುವಂತೆಯೂ ಇಲ್ಲ. ಕೆನಡಾದಲ್ಲಿ 31 ಬಗೆಯ ಮೆಲಟೋನಿನ್ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗ, ಬರೆದಿದ್ದಕ್ಕಿಂತ ಶೇ. 83 ಕಡಿಮೆ ಇದ್ದದ್ದೂ ಸಿಕ್ಕಿತ್ತು, ಶೇ. 478 ಜಾಸ್ತಿ ಇದ್ದದ್ದೂ.

ನಮ್ಮ ಜಿಲ್ಲೆಯವರಿಗೆ ಕಾಫಿಯ ಮಾತನ್ನೂ ಹೇಳಲೇಬೇಕು. ಮಲಗುವುದಕ್ಕೆ ಮೂರು ಗಂಟೆ ಮುಂಚೆ ಎರಡು ಶಾಟ್ ಎಸ್‌ಪ್ರೆಸೊದಷ್ಟು ಕೆಫೀನ್ ಒಳಗಡಿಯಾರವನ್ನು ಸುಮಾರು 40 ನಿಮಿಷ ತಡ ಮಾಡಿತು ಅಂತ 2015ರ ಒಂದು ಸಣ್ಣ ಅಧ್ಯಯನ ತೋರಿಸಿದೆ. ಊಟವಾದ ಮೇಲೊಂದು ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದು ಮೆಲಟೋನಿನ್ ನುಂಗಿದರೆ ಎರಡೂ ಎದುರುಬದುರು ಎಳೆಯುತ್ತವೆ. ಇನ್ನು ಫ್ಲುವೊಕ್ಸಮೈನ್ ಅನ್ನುವ ಖಿನ್ನತೆಯ ಮದ್ದು ತಗೊಳ್ಳುವವರು ಡಾಕ್ಟರನ್ನು ಕೇಳದೆ ಮೆಲಟೋನಿನ್ ಮುಟ್ಟಬೇಡಿ. ಅದನ್ನು ಒಡೆಯುವ ಯಕೃತ್ತಿನ ಕಿಣ್ವವನ್ನು ಆ ಮದ್ದು ತಡೆಯುತ್ತದೆ, ರಕ್ತದಲ್ಲಿ ಮಟ್ಟ ಹಲವು ಪಟ್ಟು ಏರುತ್ತದೆ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು, ಬಸುರಿಯರು, ಮಕ್ಕಳ ವಿಷಯದಲ್ಲೂ ಮೊದಲು ಡಾಕ್ಟರೇ.

ಸಂಜೆ ಮಾತ್ರೆ ತಗೊಂಡ ಮೇಲೆ ಬೈಕ್ ಓಡಿಸಬೇಡಿ. ಮಂಪರು ಕಡಿಮೆ ಅಂದೆನೇ ಹೊರತು ಇಲ್ಲವೇ ಇಲ್ಲ ಅನ್ನಲಿಲ್ಲ. ನಿದ್ದೆ ಬೇಕಾದ ಹೊತ್ತಿಗೆ ಬಂದು ಕೂತ ಮೇಲೆ ಮಾತ್ರೆ ನಿಲ್ಲಿಸಿ ನೋಡಬಹುದು. ಆಮೇಲೆ ಭಾನುವಾರ 11ರವರೆಗೆ ಮಲಗಿ, ರಾತ್ರಿ 2ರವರೆಗೆ ಮೊಬೈಲ್ ನೋಡಿದರೆ ಗಡಿಯಾರ ಮತ್ತೆ ತಡದ ಕಡೆಗೆ ಹೊರಡುತ್ತದೆ. ಆ ಹುಡುಗ ದಸರಾ ರಜೆಯಲ್ಲಿ ಅದನ್ನೇ ಮಾಡಿದ, ಈಗ ಪುನಃ 9.30ರಿಂದ ಶುರು ಮಾಡಿದ್ದಾನೆ.