ರೀಮ್ ಎಷ್ಟು ಕೆಜಿ ಅಂತ ಕೇಳುವವರಿಗೆ

"ಅಣ್ಣಾರ, ಒಂದು ರೀಮ್ ಎಷ್ಟು ಕೆಜಿ ಬರ್ತದ್ರೀ?"

ರೀಮ್ ಅಂದರೆ ಕಾಗದದ ಕಟ್ಟು. ಆದರೆ ಯಾವ ರೀಮ್? ಜೋಳದ ಚೀಲವೋ ಹತ್ತಿಯ ಚೀಲವೋ ಹೇಳದೆ ತೂಕ ಕೇಳಿದ ಹಾಗಾಯ್ತು. ಬಾಗಲಕೋಟೆಯ ನಮ್ಮ ಪ್ರೆಸ್ಸಿಗೆ ಬರುವವರಲ್ಲಿ ಹೆಚ್ಚಿನವರು ಹೀಗೇ ಕೇಳುತ್ತಾರೆ. ಹಾಳೆಯ ಅಳತೆ, ಜಿಎಸ್‌ಎಂ, ಹಾಳೆಗಳ ಸಂಖ್ಯೆ, ಈ ಮೂರೂ ಬೇಕು. ಒಂದು ಬಿಟ್ಟರೂ ನಾನು ಹೇಳುವುದು ಸುಳ್ಳಾಗುತ್ತದೆ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ನಾವು ಹಾಳೆ ಅಳೆಯುವುದು ಇಂಚಿನಲ್ಲಿ. ಒಂದು ಚದರ ಮೀಟರ್‌ಗೆ 1550 ಚದರ ಇಂಚು. ಅದಕ್ಕೇ 500 ಹಾಳೆಯ ರೀಮ್‌ಗೆ ಲೆಕ್ಕ ಇಷ್ಟೇ: ಉದ್ದ, ಅಗಲ, ಜಿಎಸ್‌ಎಂ ಗುಣಿಸಿ, 3100ರಿಂದ ಭಾಗಿಸಿ. ಬಂದದ್ದು ಕೆಜಿ. 23 × 36 ಇಂಚಿನ 70 ಜಿಎಸ್‌ಎಂ ಕಾಗದ 18.7 ಕೆಜಿ. ಎ4 ಅಳತೆಯ 75 ಜಿಎಸ್‌ಎಂ ಆದರೆ 2.34 ಕೆಜಿ ಅಷ್ಟೇ.

ಆದರೆ ನೀವು ನಿಜವಾಗಿ ಕೇಳಬೇಕಾದ್ದು ಬೇರೆ. ತೂಕ ಕಡಿಮೆ ಬಂದರೆ ಕಡಿಮೆ ಆದದ್ದು ಏನು?

ಒಂದು ಸಲ ಜಾತ್ರೆಯ ಕರಪತ್ರಕ್ಕೆ ಇದೇ 23 × 36, 70 ಜಿಎಸ್‌ಎಂ ಕಾಗದ ಹತ್ತು ರೀಮ್ ತರಿಸಿದ್ದೆ. ಒಂದರ ಹೊದಿಕೆ ತೆಗೆದು ತಕ್ಕಡಿಗೆ ಇಟ್ಟರೆ 17.95 ಕೆಜಿ. ಮುಕ್ಕಾಲು ಕಿಲೋ ಕಡಿಮೆ. ಕಾಗದ ತೆಳ್ಳಗಿರಬಹುದು: 17.95ನ್ನು 3100ರಿಂದ ಗುಣಿಸಿ, 23 × 36 ಅಂದರೆ 828ರಿಂದ ಭಾಗಿಸಿದರೆ ಸುಮಾರು 67 ಜಿಎಸ್‌ಎಂ. ಇಲ್ಲವೇ ಕಾಗದ ಸರಿಯಿದ್ದು ಹಾಳೆ ಕಡಿಮೆ ಇರಬಹುದು. ಹಳೆಯ ಲೆಕ್ಕದಲ್ಲಿ ರೀಮ್ ಅಂದರೆ 480 ಹಾಳೆ, 480 ಹಾಳೆಗೆ ತೂಕವೂ ಅಷ್ಟೇ ಬರುತ್ತದೆ. ತಕ್ಕಡಿಯೊಂದೇ ಇದನ್ನು ಬಿಡಿಸಿ ಹೇಳುವುದಿಲ್ಲ.

ಅದಕ್ಕೆ ಹತ್ತು ಹಾಳೆ ಎಣಿಸಿ ಸಣ್ಣ ತಕ್ಕಡಿಗೆ ಹಾಕಬೇಕು. 70 ಜಿಎಸ್‌ಎಂ ಆದರೆ 374 ಗ್ರಾಂ, 67 ಆದರೆ 358ರ ಹತ್ತಿರ. ಮಳೆಗಾಲದಲ್ಲಿ ಬಿಚ್ಚಿಟ್ಟ ಕಾಗದ ತೇವ ಹೀರಿ ತೂಕ ಜಾಸ್ತಿ ತೋರಿಸುತ್ತದೆ. ಹಾಗಾಗಿ ಕಟ್ಟು ಒಡೆದ ಕೂಡಲೇ ತೂಗಿ, ನಾಳೆಗೆ ಇಡಬೇಡಿ.

ನನ್ನ ತಕ್ಕಡಿ 374 ತೋರಿಸಿತು. ಕಾಗದ ಒಳ್ಳೆಯದೇ. ಕೂತು ಎಣಿಸಿದೆವು: 480. ಬಿಲ್ಲಿನಲ್ಲಿ ಬರೀ "ರೀಮ್" ಅಂತ ಬರೆದಿತ್ತು, ಹಾಳೆ ಎಷ್ಟು ಅಂತ ಇರಲಿಲ್ಲ. ಉಳಿದ ಒಂಬತ್ತೂ ಹಾಗೇ. ಒಟ್ಟು 200 ಹಾಳೆ ಕಡಿಮೆ. ಒಂದು ಹಾಳೆಯಲ್ಲಿ ಎಂಟು ಕರಪತ್ರ ಕತ್ತರಿಸುತ್ತಿದ್ದೆವು. ಜಾತ್ರೆಗೆ ಎರಡೇ ದಿನ ಇತ್ತು, 1600 ಕರಪತ್ರದ ಕಾಗದಕ್ಕೆ ಮತ್ತೆ ಓಡಾಡಬೇಕಾಯಿತು. ಈಗ ಆರ್ಡರ್ ಕೊಡುವಾಗ "500 ಹಾಳೆಯ ರೀಮ್" ಅಂತ ಬರೆಸಿಯೇ ಕೊಡುತ್ತೇನೆ.