ಜರ್ಮನ್ ಪದಗಳು, ಒಂಬತ್ತನೇ ವಾರ: ರಾತ್ರಿಯನ್ನು ನಡುವೆ ಇಟ್ಟುಕೊಂಡ ಟೈಮ್‌ಟೇಬಲ್

ಮೊದಲು ಈ ಭಾನುವಾರದ ಲೆಕ್ಕ. ಕಳೆದ ವಾರ ಕಲಿತ 45 ಪದಗಳಲ್ಲಿ 34 ಪದ ಲಿಂಗದ ಸಮೇತ ನೆನಪಿಗೆ ಬಂದವು. ಪುಸ್ತಕ ಮುಚ್ಚಿಟ್ಟು, ಕನ್ನಡದ ಅರ್ಥ ನೋಡಿ ಜರ್ಮನ್ ಪದ ಬರೆಯುವ ಪರೀಕ್ಷೆ ಇದು. ಲಿಂಗ ತಪ್ಪಿದರೆ ಪದವೇ ತಪ್ಪು ಅಂತ ಎಣಿಸುತ್ತೇನೆ.

ಮೊದಲ ಎರಡು ವಾರ ಬೇರೆ ರೀತಿ ಓದುತ್ತಿದ್ದೆ. ಭಾನುವಾರ ಮೂರು ಗಂಟೆ ಒಂದೇ ಸಮನೆ ಕೂತು 60 ಪದ. ಏಳುವ ಹೊತ್ತಿಗೆ ಎಲ್ಲವೂ ಬಾಯಿಗೆ ಬರುತ್ತಿದ್ದವು. ಮುಂದಿನ ಭಾನುವಾರ ಹೊಸದನ್ನು ತೆರೆಯುವ ಮೊದಲು ಹಳೆಯದನ್ನು ಕೇಳಿಕೊಂಡರೆ ಉಳಿದಿದ್ದು 14. ಈಗ ವಾರಕ್ಕೆ ಹಿಡಿಯುತ್ತಿರುವುದು 2 ಗಂಟೆ 45 ನಿಮಿಷ. ಸಮಯ ಆಗಿನದಕ್ಕಿಂತ ಜಾಸ್ತಿ ಏನಿಲ್ಲ, ಅದನ್ನು ಹಂಚಿದ ರೀತಿ ಮಾತ್ರ ಬದಲಾಗಿದೆ.

ಒಂದು ಸೆಟ್ಟಿನ ಪಯಣ

ಸೋಮವಾರದ ಸೆಟ್ಟನ್ನೇ ನೋಡೋಣ. ಸಂಜೆ 25 ನಿಮಿಷ, 15 ಹೊಸ ಪದ. ಸುಮ್ನೆ ಓದುವುದಿಲ್ಲ. ಕಾರ್ಡಿನ ಒಂದು ಕಡೆ ಕನ್ನಡ, ಹಿಂದೆ ಜರ್ಮನ್. ಮೊದಲು ನೆನಪಿನಿಂದ ಹೇಳಿ, ಆಮೇಲೆ ತಿರುಗಿಸಿ ನೋಡುತ್ತೇನೆ. ಪ್ರತಿ ಪದವನ್ನೂ ಒಮ್ಮೆ ಸರಿಯಾಗಿ ಹೇಳಿದರೆ ಸಾಕು, ಕಾರ್ಡು ಕೆಳಗಿಡುತ್ತೇನೆ. ಬಂದ ಪದವನ್ನೇ ಅದೇ ಸಂಜೆ ಹತ್ತು ಸಲ ಹೇಳಿದರೆ ಖುಷಿಯಾಗುತ್ತದೆ, ಆದರೆ ಮುಂದಿನ ವಾರಕ್ಕೆ ಅದರಿಂದ ಸಿಗುವ ಲಾಭ ತೀರಾ ಕಡಿಮೆ.

ಮಂಗಳವಾರ ಬೆಳಿಗ್ಗೆ 10 ನಿಮಿಷ, ಅದೇ 15 ಪದಗಳ ಮೊದಲ ಮರುಕೇಳಿಕೆ. ತಪ್ಪಿದ್ದನ್ನು ಸರಿಯಾಗುವವರೆಗೆ ತಿರುವುತ್ತೇನೆ. ಗುರುವಾರ ಸಂಜೆ ಇನ್ನೊಂದು 10 ನಿಮಿಷ. ಆಮೇಲೆ ಆ ಸೆಟ್ಟನ್ನು ಮುಂದಿನ ವಾರದ ಭಾನುವಾರದವರೆಗೆ ಮುಟ್ಟುವುದಿಲ್ಲ. ಬುಧವಾರ ಮತ್ತು ಶುಕ್ರವಾರದ ಸೆಟ್ಟುಗಳಿಗೂ ಇದೇ ಕ್ರಮ: ಮರುದಿನ ಬೆಳಿಗ್ಗೆ ಒಮ್ಮೆ, ಮೂರನೇ ದಿನ ಒಮ್ಮೆ. ಭಾನುವಾರ ಅರ್ಧ ಗಂಟೆ ಪರೀಕ್ಷೆ ಮಾತ್ರ, ಹೊಸ ಪದ ಒಂದೂ ಇಲ್ಲ.

ಅಂತರ ಎಷ್ಟಿರಬೇಕು ಅನ್ನುವುದು ಯಾವಾಗ ಬೇಕಾಗುತ್ತದೆ ಅನ್ನುವುದರ ಮೇಲೆ ನಿಂತಿದೆ. ನಿಕೊಲಸ್ ಸೆಪೆಡಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪರೀಕ್ಷೆ ಒಂದು ವಾರದಲ್ಲಿದ್ದರೆ ಎರಡು ಓದಿನ ನಡುವೆ ಹೆಚ್ಚುಕಡಿಮೆ ಒಂದು ದಿನದ ಅಂತರ ಒಳ್ಳೆಯದು. ಒಂದು ವರ್ಷ ಆದಮೇಲೂ ನೆನಪಿರಬೇಕಾದರೆ ಅಂತರ ಮೂರು ವಾರದ ಹತ್ತಿರ ಹೋಗುತ್ತದೆ. ಹಾಗಾಗಿ ಭಾನುವಾರ ಪಾಸಾದ ಕಾರ್ಡುಗಳನ್ನು ಮೂರು ವಾರ ಬಿಟ್ಟು ನೋಡಲು ಬೇರೆ ಡಬ್ಬಿಗೆ ಹಾಕುತ್ತಿದ್ದೇನೆ.

ಐದು, ಆರನೇ ವಾರ: ನಿದ್ದೆಯೋ, ಬರೀ ಅಂತರವೋ?

ನನಗೆ ತುಂಬಾ ಕಾಡಿದ ಪ್ರಶ್ನೆ ಇದು. ಸಂಜೆ ಕಲಿತು ಬೆಳಿಗ್ಗೆ ಕೇಳಿಕೊಂಡರೆ ನಡುವೆ 12 ಗಂಟೆ ಕಳೆದಿರುತ್ತದೆ. ಕೆಲಸ ಮಾಡಿದ್ದು ಆ 12 ಗಂಟೆಯೋ, ಅದರೊಳಗಿನ ನಿದ್ದೆಯೋ? ಎರಡು ವಾರದ ಆರು ಸೆಟ್ಟುಗಳನ್ನು ಎರಡು ಪಾಲು ಮಾಡಿದೆ. ಮೂರು ಸೆಟ್ಟು ಸಂಜೆ 7ಕ್ಕೆ ಕಲಿತು ಬೆಳಿಗ್ಗೆ 7ಕ್ಕೆ ಕೇಳಿಕೊಂಡೆ. ಮೂರನ್ನು ಬೆಳಿಗ್ಗೆ 7ಕ್ಕೆ ಕಲಿತು ಅದೇ ಸಂಜೆ 7ಕ್ಕೆ ಕೇಳಿಕೊಂಡೆ.

ನಡುವೆ ರಾತ್ರಿ ಇದ್ದ ಸೆಟ್ಟುಗಳಲ್ಲಿ ಹದಿನೈದಕ್ಕೆ 12, 11, 12 ಬಂತು. ಹಗಲು ಕಳೆದವುಗಳಲ್ಲಿ 9, 7, 9. ಅದಕ್ಕಿಂತ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಂಗತಿ. ತಪ್ಪಿದ ಪದಗಳನ್ನು ಮತ್ತೆ ಪೂರ್ತಿ ಸರಿ ಮಾಡಲು ರಾತ್ರಿಯ ಸೆಟ್ಟಿಗೆ ಎರಡು ಸುತ್ತು ಸಾಕಾಯಿತು, ಹಗಲಿನದಕ್ಕೆ ನಾಲ್ಕು ಸುತ್ತು ಬೇಕಾಯಿತು. ಮರೆತಂತೆ ಕಂಡ ಪದ ಕೂಡ ಒಮ್ಮೆ ನೋಡಿದ ಕೂಡಲೇ ಗಟ್ಟಿಯಾಗಿ ಕೂರುತ್ತಿತ್ತು.

ಒಬ್ಬಳೇ ಮಾಡಿದ ಪ್ರಯೋಗ, ಸಂಜೆಯ ಸುಸ್ತೂ ಇದರಲ್ಲಿ ಸೇರಿರಬಹುದು. ಆದರೆ ಸ್ಟೆಫನಿ ಮಾಜಾ ಅವರ ತಂಡ 2016ರಲ್ಲಿ ಸ್ವಾಹಿಲಿ–ಫ್ರೆಂಚ್ ಪದಜೋಡಿಗಳಲ್ಲಿ ಕಂಡದ್ದೂ ಇದೇ ದಿಕ್ಕಿನದು. ಎರಡು ಓದಿನ ನಡುವೆ ನಿದ್ದೆ ಮಾಡಿದವರಿಗೆ ಮರುಕಲಿಕೆಗೆ ಸುಮಾರು ಅರ್ಧದಷ್ಟು ಪ್ರಯತ್ನ ಸಾಕಾಗಿತ್ತು, ಆರು ತಿಂಗಳ ನಂತರವೂ ಅವರ ನೆನಪು ಮುಂದಿತ್ತು.

ಹೊಸ ನೆನಪು ಮೊದಲು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ನೆಚ್ಚಿಕೊಂಡಿರುತ್ತದೆ. ಗಾಢ ನಿದ್ದೆಯಲ್ಲಿ ಹಗಲಿನ ಅದೇ ಚಟುವಟಿಕೆ ಅಲ್ಲಿ ಮತ್ತೆ ಮತ್ತೆ ಓಡುತ್ತದೆ, ಇಲಿಗಳಲ್ಲಿ ಇದನ್ನು 1994ರಲ್ಲೇ ಅಳೆದು ತೋರಿಸಿದ್ದಾರೆ. ಈ ಮರುಓಟದಿಂದಲೇ ನೆನಪು ನಿಧಾನವಾಗಿ ಮಿದುಳಿನ ಹೊರಪದರದಲ್ಲಿ ನೆಲೆಯೂರುತ್ತದೆ ಅನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಹಾಗಾದರೆ ಬೆಳಗಿನ ಆ 10 ನಿಮಿಷ ಎಷ್ಟು ಬೆಲೆಬಾಳುತ್ತದೆ ನೋಡಿ. ರಾತ್ರಿ ಅರ್ಧ ಕೆಲಸ ಮುಗಿಸಿಟ್ಟಿರುತ್ತದೆ, ನಾವು ಅದರ ಮೇಲೆ ಇನ್ನೊಂದು ಪದರ ಹಾಕುತ್ತೇವೆ.

ಏಳನೇ ವಾರ ಕೆಟ್ಟದ್ದು

ಕೆಲಸದ ಒತ್ತಡ ಜಾಸ್ತಿಯಾಗಿ ಕಾರ್ಡು ಹಿಡಿಯುವಾಗಲೇ ರಾತ್ರಿ ಹನ್ನೆರಡು. ಮಲಗಿದ್ದು ಒಂದಕ್ಕೆ, ಎದ್ದಿದ್ದು ಆರಕ್ಕೆ. ಬೆಳಿಗ್ಗೆ ಹದಿನೈದಕ್ಕೆ 6. ಹಠಕ್ಕೆ ಬಿದ್ದು ಬುಧವಾರವೂ ಹಾಗೇ ಮಾಡಿದೆ, ಬಂದದ್ದು 5. ನಿದ್ದೆಗೆಟ್ಟರೆ ಪೆಟ್ಟು ಎರಡು ಕಡೆ ಬೀಳುತ್ತದೆ: ನಿನ್ನೆ ಕಲಿತದ್ದು ಉಳಿಯುವುದಿಲ್ಲ, ಇವತ್ತು ಹೊಸದು ಸರಿಯಾಗಿ ಒಳಗೆ ಇಳಿಯುವುದಿಲ್ಲ. ಆಮೇಲೆ ಒಂದು ಕಟ್ಟುಪಾಡು ಮಾಡಿಕೊಂಡೆ. ಸಮಯ ಸಾಲದಿದ್ದರೆ ಹೊಸ ಸೆಟ್ಟನ್ನು ಬಿಡುತ್ತೇನೆ, ನಿದ್ದೆಯನ್ನಲ್ಲ, ಮರುಕೇಳಿಕೆಯನ್ನೂ ಅಲ್ಲ. ಬಿಟ್ಟ ಸೆಟ್ಟನ್ನು ಮರುದಿನಕ್ಕೆ ಸೇರಿಸಿ 30 ಪದ ಮಾಡುವುದೂ ಇಲ್ಲ. ಒಮ್ಮೆ ಹಾಗೆ ಮಾಡಿ ನೋಡಿದೆ, ಮರುದಿನದ ಕೇಳಿಕೆಗೆ ಅರ್ಧ ಗಂಟೆ ಹಿಡಿದು ಇಡೀ ವಾರದ ಕ್ರಮ ಜಾರಿತು.

ಚಮಚ, ಫೋರ್ಕ್, ಚಾಕು

ಟೈಮ್‌ಟೇಬಲ್ ಸರಿ ಇದ್ದೂ ಪದೇ ಪದೇ ತಪ್ಪಿದ ಗುಂಪು ಇದು. ಕನ್ನಡದಲ್ಲಿ ಮೂರೂ 'ಅದು', ಅಲ್ವಾ? ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ (ಡೆರ್ ಲ್ಯೋಫೆಲ್), ಫೋರ್ಕ್ ಸ್ತ್ರೀಲಿಂಗ (ಡೀ ಗಾಬೆಲ್), ಚಾಕು ನಪುಂಸಕ (ಡಾಸ್ ಮೆಸ್ಸರ್). ಮೂರನ್ನೂ ಒಂದೇ ಸಂಜೆ ಕಲಿತಿದ್ದೆ. ಬೆಳಿಗ್ಗೆ ಮೂರು ಪದವೂ ನೆನಪಿತ್ತು, ಲಿಂಗ ಮಾತ್ರ ಅದಲುಬದಲು. ಒಂದೇ ಜಾತಿಯ ಪದಗಳು ಒಟ್ಟಿಗೆ ಹೊಸದಾಗಿ ಬಂದರೆ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತವೆ, ನಿದ್ದೆ ಆ ಗೋಜಲನ್ನು ಬಿಡಿಸಿಕೊಡಲಿಲ್ಲ. ಈಗ ಅಂಥವನ್ನು ಬೇರೆ ಬೇರೆ ದಿನದ ಸೆಟ್ಟಿಗೆ ಹಂಚುತ್ತೇನೆ. ಚಮಚ ಸೋಮವಾರ, ಫೋರ್ಕ್ ಬುಧವಾರ, ಚಾಕು ಶುಕ್ರವಾರ. ಎಂಟನೇ ವಾರ ಈ ಮೂರನ್ನೂ ಹೀಗೆ ಮತ್ತೆ ಹೊಸದಾಗಿ ಸೇರಿಸಿದೆ. ಇವತ್ತಿನ ಪರೀಕ್ಷೆಯಲ್ಲಿ ಚಮಚ, ಫೋರ್ಕ್ ಸರಿ ಬಂದವು. ಚಾಕುವಿಗೆ ಇನ್ನೂ 'ಡೆರ್' ಅಂತಲೇ ಬರೆದಿದ್ದೆ.

ಹಾಗಾಗಿ ಆ ಕಾರ್ಡು ಮೂರು ವಾರದ ಡಬ್ಬಿಗೆ ಹೋಗಲಿಲ್ಲ. ನಾಳೆ ಸಂಜೆಯ ಸೆಟ್ಟಿನಲ್ಲಿ ಮೊದಲನೆಯದಾಗಿ ಕೂತಿದೆ.