ಗಾಲ್ಫ್ ಲೆಕ್ಕದ ನೋಟ್‌ಬುಕ್: ಪಾರ್, ಬರ್ಡಿ, ಬೋಗಿ

ಮೊದಲ ವಾರ

ಮುಂದಿನ ತಿಂಗಳು ಮೊದಲ ಸಲ ಗಾಲ್ಫ್ ಪಂದ್ಯ ನೋಡಲು ಹೋಗುತ್ತಿದ್ದೇನೆ. ಅಷ್ಟರಲ್ಲಿ ಸ್ಕೋರ್ ಬೋರ್ಡ್ ಓದಲು ಕಲಿಯಬೇಕು. ಅದಕ್ಕೇ ಈ ನೋಟ್‌ಬುಕ್.

ಮೊದಲು ಪಾರ್. ಒಂದು ಹೋಲ್, ಅಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ದಾರಿ, ಮುಗಿಸಲು ಒಳ್ಳೆಯ ಆಟಗಾರರಿಗೆ ಎಷ್ಟು ಹೊಡೆತ ಬೇಕು ಅಂತ ಮೊದಲೇ ಗೊತ್ತು ಮಾಡಿದ ಸಂಖ್ಯೆ ಅದು. ಸಾಮಾನ್ಯವಾಗಿ ಮೂರು, ನಾಲ್ಕು ಅಥವಾ ಐದು. ಇದರಲ್ಲಿ ಕೊನೆಯ ಎರಡು ಹೊಡೆತ ಗ್ರೀನ್ ಮೇಲೆ, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಮೇಲೆ, ಚೆಂಡನ್ನು ಉರುಳಿಸಲು ಮೀಸಲು. ಹಾಗಾಗಿ ಪಾರ್ 3 ಅಂದರೆ ಒಂದೇ ಹೊಡೆತಕ್ಕೆ ಗ್ರೀನ್ ಮುಟ್ಟಬೇಕು. ಪಾರ್ 4ಕ್ಕೆ ಎರಡು, ಪಾರ್ 5ಕ್ಕೆ ಮೂರು. ಇದು ತಿಳಿದ ಮೇಲೆ ನೋಡುವ ರೀತಿಯೇ ಬದಲಾಯಿತು. ಪಾರ್ 4ರಲ್ಲಿ ಎರಡನೇ ಹೊಡೆತ ಗ್ರೀನ್ ಪಕ್ಕದ ಮರಳಿಗೆ ಬಿದ್ದರೆ ಆಟಗಾರರು ಕಷ್ಟದಲ್ಲಿದ್ದಾರೆ ಅಂತ ಆಗಲೇ ಗೊತ್ತಾಗುತ್ತದೆ.

ಪಾರ್‌ಗಿಂತ ಒಂದು ಹೊಡೆತ ಕಡಿಮೆಯಾದರೆ ಬರ್ಡಿ. ಒಂದು ಜಾಸ್ತಿಯಾದರೆ ಬೋಗಿ. ಎರಡು ಕಡಿಮೆಯಾದರೆ ಈಗಲ್, ಎರಡು ಜಾಸ್ತಿಯಾದರೆ ಡಬಲ್ ಬೋಗಿ. ಸುಮ್ನೆ ‘ನಾಲ್ಕು ಹೊಡೆದರು’ ಅಂದರೆ ಏನೂ ಹೇಳಿದಂತಾಗುವುದಿಲ್ಲ. ಪಾರ್ 3ರಲ್ಲಿ ನಾಲ್ಕು ಅಂದರೆ ಬೋಗಿ, ಪಾರ್ 5ರಲ್ಲಿ ಅದೇ ನಾಲ್ಕು ಬರ್ಡಿ.

ಎರಡನೇ ವಾರ

ಅಭ್ಯಾಸಕ್ಕೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಟವನ್ನೇ ಆರಿಸಿಕೊಂಡೆ. ಟೋಕಿಯೊ ಒಲಿಂಪಿಕ್ಸ್, 2021ರ ಆಗಸ್ಟ್ 7, ಕಸುಮಿಗಸೆಕಿ ಮೈದಾನದಲ್ಲಿ ಕೊನೆಯ ಸುತ್ತು. ಹದಿನೆಂಟು ಹೋಲ್‌ಗಳ ಪಾರ್ ಕೂಡಿದರೆ 71.

ಆ ಬೆಳಿಗ್ಗೆ ಅದಿತಿ ಹೆಸರಿನ ಮುಂದೆ -12 ಇತ್ತು. ಮೂರು ದಿನದ ಒಟ್ಟು ಪಾರ್‌ಗಿಂತ 12 ಹೊಡೆತ ಕಡಿಮೆ ಎಂದರ್ಥ. ಕಾರ್ಡ್‌ನಲ್ಲಿ ಬರ್ಡಿ ಆದ ಅಂಕಿಗೆ ಸುತ್ತು ಹಾಕುತ್ತಾರೆ, ಬೋಗಿಗೆ ಚೌಕ. ನಾನೂ ಹಾಗೇ ಬರೆದೆ. ಐದು ಮತ್ತು ಆರನೇ ಹೋಲ್‌ನಲ್ಲಿ ಸುತ್ತು, -14. ಎಂಟರಲ್ಲಿ ಇನ್ನೊಂದು, -15. ಒಂಬತ್ತರಲ್ಲಿ ಚೌಕ, ಹನ್ನೊಂದರಲ್ಲಿ ಮತ್ತೊಂದು, ಮತ್ತೆ -13. ಹದಿಮೂರು, ಹದಿನಾಲ್ಕರಲ್ಲಿ ಎರಡು ಸುತ್ತು, -15. ಉಳಿದ ಹೋಲ್‌ಗಳೆಲ್ಲ ಪಾರ್. ಐದು ಬರ್ಡಿ, ಎರಡು ಬೋಗಿ. 71ರಿಂದ ಮೂರು ಕಳೆದರೆ 68.

ಆ -15ಕ್ಕೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಚಿನ್ನ ಗೆದ್ದ ನೆಲ್ಲಿ ಕೊರ್ಡಾ -17. ಮೋನೆ ಇನಾಮಿ ಮತ್ತು ಲಿಡಿಯಾ ಕೊ ಇಬ್ಬರೂ -16. ಹದಿನೆಂಟನೇ ಹೋಲ್‌ನಲ್ಲಿ ಅದಿತಿ ದೂರದಿಂದ ಉರುಳಿಸಿದ ಚೆಂಡು ಕುಳಿಗೆ ಬಿದ್ದಿದ್ದರೆ ಇನ್ನೊಂದು ಬರ್ಡಿ, ಅವರೂ -16. ಆ ಕಾರ್ಡ್‌ನ ಕೊನೆಯ ಮನೆಯನ್ನು ಎಷ್ಟು ಹೊತ್ತು ನೋಡಿದೆನೋ. ನಾಲ್ಕು ದಿನದ ಆಟದಲ್ಲಿ ಒಂದು ಹೊಡೆತ.

ಬೆಳ್ಳಿಗಾಗಿ ಇನಾಮಿ, ಕೊ ಮತ್ತೆ ಆಡಬೇಕಾಯಿತು. ಇನಾಮಿ ಪಾರ್ ಮಾಡಿದರು, ಕೊ ಬೋಗಿ. ಅಲ್ಲಿಗೆ ತೀರ್ಮಾನವಾಯಿತು. ಪಾರ್ ಅಂದರೆ ಸಾಧಾರಣ ಆಟ ಅಂದುಕೊಂಡಿದ್ದೆ. ಒತ್ತಡದಲ್ಲಿ ಅದೇ ಪಾರ್ ಪದಕ ಕೊಡಿಸುತ್ತದೆ ಅಲ್ವಾ!

ಮೂರನೇ ವಾರ

ಹತ್ತಿರದ ಮೈದಾನದಲ್ಲಿ ಆಡುವವರನ್ನು ನೋಡುತ್ತಾ ಎಣಿಸಿದೆ. ಎರಡು ಕಡೆ ತಪ್ಪಿದೆ.

ಒಂದು, ಚೆಂಡಿನ ಪಕ್ಕ ನಿಂತು ಸುಮ್ನೆ ಕೋಲು ಬೀಸಿ ನೋಡುತ್ತಾರೆ. ಅದು ಅಭ್ಯಾಸ, ಲೆಕ್ಕಕ್ಕಿಲ್ಲ. ಚೆಂಡಿಗೆ ಹೊಡೆಯಲೆಂದೇ ಬೀಸಿ ತಪ್ಪಿದರೆ ಮಾತ್ರ ಅದೂ ಒಂದು ಹೊಡೆತ.

ಎರಡನೆಯದು ನೀರು. ಪಾರ್ 4 ಹೋಲ್. ಒಬ್ಬರ ಮೊದಲ ಹೊಡೆತ ಕೆರೆಗೆ ಬಿತ್ತು. ನೀರಿನ ಈಚೆ ಇನ್ನೊಂದು ಚೆಂಡು ಬಿಟ್ಟು ಹೊಡೆದರು, ಗ್ರೀನ್ ಸೇರಿತು. ಮತ್ತೆರಡು ಸಲ ಉರುಳಿಸಿ ಮುಗಿಸಿದರು. ನಾನು ಕಂಡದ್ದು ನಾಲ್ಕು ಹೊಡೆತ, ‘ಪಾರ್’ ಅಂತ ಬರೆದೆ. ಅವರು ತಮ್ಮ ಕಾರ್ಡ್‌ನಲ್ಲಿ ಐದು ಬರೆದರು. ನೀರಿಗೆ ಬಿದ್ದದ್ದಕ್ಕೆ ಒಂದು ದಂಡದ ಹೊಡೆತ ಸೇರುತ್ತದೆ. ಅದು ಬೋಗಿ. ಕಣ್ಣಿಗೆ ಕಾಣದ ಹೊಡೆತವೂ ಇರುತ್ತದೆ ಅಂತ ಆಗ ತಿಳಿಯಿತು.

ನಾಲ್ಕನೇ ವಾರ

ಬೋರ್ಡ್‌ನಲ್ಲಿ ಒಟ್ಟು ಹೊಡೆತ ಬರೆಯದೆ -3, +1 ಅಂತ ಯಾಕೆ ಬರೆಯುತ್ತಾರೆ? ಕಾರಣ ಸರಳ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಹೋಲ್‌ನಲ್ಲಿ ಇರುವುದಿಲ್ಲ. ಒಬ್ಬರು ಹದಿನಾರು ಮುಗಿಸಿರುತ್ತಾರೆ, ಇನ್ನೊಬ್ಬರು ಒಂಬತ್ತು. ಅವರ ಒಟ್ಟು ಹೊಡೆತ ಹೋಲಿಸಿ ಪ್ರಯೋಜನವಿಲ್ಲ. ಪಾರ್‌ಗೆ ಹೋಲಿಸಿದರೆ ಇಬ್ಬರೂ ಒಂದೇ ಅಳತೆಗೆ ಬರುತ್ತಾರೆ. E ಅಂತಿದ್ದರೆ ಸರಿಯಾಗಿ ಪಾರ್. ಪಕ್ಕದಲ್ಲಿ ಎಷ್ಟು ಹೋಲ್ ಮುಗಿದಿದೆ ಅಂತಲೂ ಇರುತ್ತದೆ, ಅದನ್ನು ಬಿಟ್ಟು ಓದಬಾರದು. ಒಂಬತ್ತು ಹೋಲ್ ಬಾಕಿ ಇರುವ -3ಕ್ಕೂ, ಆಟ ಮುಗಿಸಿದವರ -3ಕ್ಕೂ ತುಂಬಾ ಅಂತರ.

ಪಂದ್ಯದ ದಿನ ಒಂದು ಪಾರ್ 3 ಗ್ರೀನ್ ಬಳಿ ನಿಲ್ಲುವುದು ಅಂತ ಗೊತ್ತು ಮಾಡಿದ್ದೇನೆ. ಮೊದಲ ಹೊಡೆತದಿಂದ ಕುಳಿಯವರೆಗೆ ಎಲ್ಲವೂ ಒಂದೇ ಕಡೆಯಿಂದ ಕಾಣುತ್ತದೆ. ಬರುವ ಮೊದಲ ಹತ್ತು ಆಟಗಾರರ ಕಾರ್ಡ್ ಬರೆಯಲು ಪುಟಕ್ಕೆ ಗೆರೆ ಹಾಕಿಟ್ಟಿದ್ದೇನೆ.